ಬುಟ್ಟಿ ತುಂಬಿಸೋ ಕ್ರಮದಲ್ಲೇ ಪ್ರಾಂಪ್ಟ್ ಬರೆದೆ

ಸಾಗರದ ನಮ್ಮ ಮನೆಯಲ್ಲೇ ಮಲೆನಾಡಿನ ತಿನಿಸುಗಳ ಗಿಫ್ಟ್ ಬುಟ್ಟಿ ಮಾಡಿ ಮಾರುತ್ತೇನೆ. ದೀಪಾವಳಿಗೆ ಶಿವಮೊಗ್ಗದವರೊಬ್ಬರು 25 ಬುಟ್ಟಿ ಕೇಳಿದರು. "ಹೇಗೆ ಕಾಣುತ್ತೆ ಅಂತ ಮೊದಲು ಒಂದು ಚಿತ್ರ ಕಳಿಸಿ ಅಕ್ಕ" ಅಂದರು. ಬುಟ್ಟಿಗಳು ಇನ್ನೂ ಬಂದಿರಲಿಲ್ಲ. ಹಾಗಾಗಿ ಎಐ ಆ್ಯಪ್‌ನಲ್ಲಿ ಚಿತ್ರ ಮಾಡಲು ಕೂತೆ.

"ಮಲೆನಾಡಿನ ಉಡುಗೊರೆ ಬುಟ್ಟಿ" ಅಂತ ಸುಮ್ನೆ ಬರೆದಾಗ ಚಾಕೊಲೇಟು, ವೈನ್ ಬಾಟಲಿ ಬಂದವು. ಐದು ಸಾಮಾನಿನ ಹೆಸರು ಬರೆದೆ. ಆಗ ಜೇನಿನ ಬಾಟಲಿ ಮೂರಾಯಿತು, ಹಪ್ಪಳ ಕಾಣಲೇ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಅಂದರೆ ಅದಕ್ಕೆ ಗೊತ್ತಿಲ್ಲ, ಹೋಳು ಮಾಡಿದ ಮಾವಿನಹಣ್ಣು ತೋರಿಸಿತು!

ಆಮೇಲೆ ಕೈಯಲ್ಲಿ ಬುಟ್ಟಿ ತುಂಬಿಸುವಾಗ ಏನು ಮಾಡುತ್ತೇನೆ ಅಂತ ನೆನಪಿಸಿಕೊಂಡೆ. ಮೊದಲು ಬುಟ್ಟಿ, ಆಮೇಲೆ ಹಾಸು, ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ಕೊನೆಗೆ ರಿಬ್ಬನ್. ಅದೇ ಕ್ರಮದಲ್ಲಿ ಬರೆದೆ. ಹೆಸರಿನ ಬದಲು ಕಣ್ಣಿಗೆ ಕಾಣೋದನ್ನು ಹೇಳಿದೆ.

```
ದುಂಡನೆಯ ಬಿದಿರಿನ ಬುಟ್ಟಿ, ಎದುರಿನಿಂದ ನೋಟ.
ಅಂಚಿನವರೆಗೆ ಕಂದು ಬಣ್ಣದ ಕಾಗದದ ಎಳೆಗಳು.
ಒಟ್ಟು ಐದೇ ಸಾಮಾನು.
ಹಿಂದೆ ಎಡಕ್ಕೆ: ಎತ್ತರದ ಜೇನಿನ ಬಾಟಲಿ.
ಹಿಂದೆ ಬಲಕ್ಕೆ: ಅಷ್ಟೇ ಎತ್ತರದ ಕಾಫಿಪುಡಿ ಪ್ಯಾಕೆಟ್.
ನಡುವೆ: ಗಿಡ್ಡ ಗಾಜಿನ ಜಾಡಿ, ಕೆಂಪು ಮಸಾಲೆಯಲ್ಲಿ
ತೊಟ್ಟಿನ ಸಮೇತ ಇಡೀ ಎಳೆ ಮಾವಿನಮಿಡಿಗಳು.
ಮುಂದೆ ಎಡಕ್ಕೆ: ಕಡುಕಂದು ಬೆಲ್ಲದ ಪಾಕದ ಪುಟ್ಟ ಬಾಟಲಿ.
ಮುಂದೆ ಬಲಕ್ಕೆ: ದುಂಡನೆಯ ಹಪ್ಪಳದ ಕಟ್ಟು.
ಹಿಡಿಕೆಗೆ ಒಂದೇ ಹಸಿರು ರಿಬ್ಬನ್. ಲೇಬಲ್ ಖಾಲಿ.
```

ಲೇಬಲ್ ಖಾಲಿ ಬಿಡಿಸಿದ್ದು ಬೇಕೆಂದೇ. ಈ ಆ್ಯಪ್ ಕನ್ನಡ ಅಕ್ಷರ ಬರೆದರೆ ಒತ್ತಕ್ಷರವೆಲ್ಲ ಕಲಸಿಹೋಗುತ್ತದೆ. ಹೆಸರನ್ನು ನಾನೇ ಫೋನಿನಲ್ಲಿ ಚಿತ್ರದ ಮೇಲೆ ಸೇರಿಸಿದೆ. ಜಾಡಿಯ ಗಾತ್ರ ಸರಿಯಾಗಿ ಬರಲಿ ಅಂತ ಹಳೆಯ ಜಾಡಿಯ ಫೋಟೋವನ್ನೂ ಜೊತೆಗೆ ಹಾಕಿದೆ. ಎರಡನೇ ಸಲಕ್ಕೆ ಐದೂ ಅದರದರ ಜಾಗದಲ್ಲಿ ಕೂತವು.

ಗ್ರಾಹಕರು ರಿಬ್ಬನ್ ಹಳದಿ ಇರಲಿ ಅಂದರು. ಪ್ರಾಂಪ್ಟಿನಲ್ಲಿ ಆ ಒಂದು ಪದ ಬದಲಿಸಿ ಹೊಸದಾಗಿ ಮಾಡಿಸಿದರೆ ಬಾಟಲಿಗಳೂ ಜಾಗ ಬದಲಿಸಿದವು. ಅದಕ್ಕೆ ಹಳೆಯ ಚಿತ್ರವನ್ನೇ ಹಾಕಿ, "ರಿಬ್ಬನ್ ಬಣ್ಣ ಮಾತ್ರ ಹಳದಿ ಮಾಡು, ಉಳಿದದ್ದು ಮುಟ್ಟಬೇಡ" ಅಂದೆ. ಸರಿಯಾಯಿತು. ಇದು ನಮೂನೆ ಚಿತ್ರ ಅಂತ ಹೇಳಿಯೇ ಕಳಿಸಿದೆ. ಹೇಳದೆ ಕಳಿಸೋದು ಮೋಸ ಅಲ್ವಾ?

ಬುಟ್ಟಿ ಬಂದ ಮೇಲೆ ಒಂದನ್ನು ಚಿತ್ರದಂತೆಯೇ ಜೋಡಿಸಿ ನೋಡಿದೆ. ಉಪ್ಪಿನಕಾಯಿ ಜಾಡಿಯ ಭಾರಕ್ಕೆ ಕಾಗದದ ಎಳೆ ಅದುಮಿಹೋಗಿ ಜಾಡಿ ಅರ್ಧ ಮುಳುಗಿತು. ಚಿತ್ರದಲ್ಲಿ ಭಾರ ಗೊತ್ತಾಗೋದಿಲ್ಲ. ಹಳೇ ಪೇಪರನ್ನು ಗಟ್ಟಿಯಾಗಿ ಮುದುಡಿ ತಳಕ್ಕೆ ತುಂಬಿ, ಎಳೆಗಳನ್ನು ಮೇಲಷ್ಟೇ ಹರಡಿದೆ. ಆಗ ಜಾಡಿ ಚಿತ್ರದಲ್ಲಿದ್ದಷ್ಟೇ ಎತ್ತರಕ್ಕೆ ನಿಂತಿತು. ಉಳಿದ 24ನ್ನೂ ಹಾಗೇ ಕಟ್ಟಿದೆ.