ಮಲಗುವ ಮುಂಚೆ ಒಂದು ಸಾಲು, ಬೇಕಾದಾಗ ಹುಡುಕಿದರೆ ಸಿಗುವ ಹಾಗೆ

ದಿನಚರಿ ಬರೆಯಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಸೋಲುತ್ತಾರೆ. ಮೊದಲ ವಾರ ಒಂದೊಂದು ಪುಟ ಬರೆದು, ಮೂರನೇ ವಾರಕ್ಕೆ ನಿಲ್ಲಿಸುತ್ತಾರೆ. ನಿಲ್ಲಿಸದೆ ಮುಂದುವರಿಸಿದವರ ತೊಂದರೆ ಬೇರೆ. ವರ್ಷ ಕಳೆದ ಮೇಲೆ ಬರೆದದ್ದೆಲ್ಲ ಇದೆ, ಬೇಕಾದದ್ದು ಮಾತ್ರ ಸಿಗುವುದಿಲ್ಲ. ಮೊದಲನೆಯದಕ್ಕೆ ಮದ್ದು ಸುಲಭ: ದಿನಕ್ಕೆ 25 ಪದ ಮೀರಬಾರದು. ಒಂದೇ ಹೆಬ್ಬೆರಳಿನಲ್ಲಿ ಕನ್ನಡ ಟೈಪ್ ಮಾಡುವವರಿಗೂ ಅಷ್ಟು ಬರೆಯಲು ಎರಡು ನಿಮಿಷ ಸಾಕು. ಎರಡನೆಯದು ಹೆಚ್ಚು ಕಷ್ಟದ್ದು. ಮನೆಯಲ್ಲಿ ತುಳು ಅಥವಾ ಹವ್ಯಕ, ಪೇಟೆಯಲ್ಲಿ ಮಲಯಾಳ, ಬರೆಯಲು ಕನ್ನಡ ಎಂದು ಮೂರು ಭಾಷೆಗಳಲ್ಲಿ ದಿನ ಕಳೆಯುವ ಕಾಸರಗೋಡಿನವರಿಗಂತೂ ಇನ್ನೂ ಕಷ್ಟ. ಒಂದೇ ವಸ್ತು ಜೂನ್‌ನಲ್ಲಿ ‘ಅಡಿಕೆ’, ಆಗಸ್ಟ್‌ನಲ್ಲಿ ‘ಅಡಕೆ’, ಡಿಸೆಂಬರ್‌ನಲ್ಲಿ ‘ಅಡಕ್ಕೆ’ ಆಗಿರುತ್ತದೆ. ಫೋನಿಗೆ ಇವು ಮೂರು ಬೇರೆ ಪದಗಳು.

ಆದ್ದರಿಂದ ಕೆಲಸ ಪ್ರಶ್ನೆಯಿಂದಲೇ ಶುರುವಾಗಬೇಕು. ‘ಇವತ್ತು ಹೇಗಿತ್ತು?’ ಎಂದು ಕೇಳಿಕೊಂಡರೆ ಬರುವ ಉತ್ತರ ‘ಪರವಾಗಿಲ್ಲ’, ‘ಚೆನ್ನಾಗಿತ್ತು’, ‘ಸುಸ್ತು’. ಇಂಥ ಇನ್ನೂರು ಸಾಲುಗಳಲ್ಲಿ ಹುಡುಕಲು ಏನೂ ಇರುವುದಿಲ್ಲ. ಉತ್ತರದಲ್ಲಿ ಒಂದು ಹೆಸರು ಬಂದೇ ಬರುವಂಥ ಪ್ರಶ್ನೆ ಬೇಕು. ಮೂರು ಪ್ರಶ್ನೆ, ಮೂರಕ್ಕೂ ಒಂದೊಂದು ಗುರುತುಪದ:

`ಮನಸ್ಸು:` ಈ ದಿನದ ಯಾವ ವ್ಯಕ್ತಿ, ಮಾತು ಅಥವಾ ವಸ್ತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ?
`ಬಾಕಿ:` ಮಾಡಬೇಕೆಂದಿದ್ದ ಯಾವ ಕೆಲಸ ಆಗಲಿಲ್ಲ, ಯಾವುದು ತಡೆಯಿತು?
`ನಾಳೆ:` ನಾಳೆ ಮೊದಲು ಮಾಡುವ ಒಂದೇ ಕೆಲಸ ಯಾವುದು?

ಎರಡನೆಯ ಪ್ರಶ್ನೆಯಲ್ಲಿ ‘ಯಾಕೆ ಆಗಲಿಲ್ಲ’ ಎಂದು ಕೇಳಿಲ್ಲ, ಗಮನಿಸಿ. ರಾತ್ರಿ ಒಂಬತ್ತೂವರೆಗೆ ‘ಯಾಕೆ’ ಎಂದು ಕೇಳಿಕೊಂಡರೆ ಉತ್ತರ ‘ನನ್ನದೇ ಉದಾಸೀನ’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ, ನಿದ್ದೆಯೂ ಹಾರುತ್ತದೆ. ‘ಯಾವುದು ತಡೆಯಿತು’ ಎಂದರೆ ಮಳೆ, ಜನ, ದುಡ್ಡು, ಸೊಂಟನೋವು ಎಂಬಂಥ ಒಂದು ನಾಮಪದ ಬರುತ್ತದೆ. ಮೂರನೆಯ ಪ್ರಶ್ನೆಗೆ ಇನ್ನೊಂದು ಉಪಯೋಗವೂ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರು, ಮುಗಿದ ಕೆಲಸಗಳ ಪಟ್ಟಿ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಭಾಗವಹಿಸಿದವರು 57 ಮಂದಿ ಮಾತ್ರ, ಹಾಗಾಗಿ ಅದನ್ನು ಶಾಸನ ಎಂದುಕೊಳ್ಳಬೇಕಾಗಿಲ್ಲ. ನಾಳೆಯ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಲು ಅಷ್ಟು ಕಾರಣ ಸಾಕು.

ಬರೆಯುವುದು ಎಲ್ಲಿ? ಚಂದದ ಆಪ್ ಬೇಕಿಲ್ಲ. ತಿಂಗಳಿಗೊಂದು ಸಾದಾ ಪಠ್ಯದ ಫೈಲು, ಹೆಸರು `2024-07.txt`. ಒಂದು ದಿನಕ್ಕೆ ಒಂದೇ ಸಾಲು, ನಡುವೆ ಎಂಟರ್ ಒತ್ತಬಾರದು. ಸಾಲಿನ ತಲೆಗೆ ದಿನಾಂಕ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಹೀಗೆ ಬರೆದರೆ ಅಕ್ಷರಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮ ತಪ್ಪುವುದಿಲ್ಲ. ಒಂದು ದಿನವನ್ನು ಮೂರು ಸಾಲಾಗಿ ಒಡೆದರೆ, ಹುಡುಕಿದಾಗ ಸಿಕ್ಕಿದ ಸಾಲಿನಲ್ಲಿ ದಿನಾಂಕವೇ ಇರುವುದಿಲ್ಲ. ಅಂಕಿಗಳು ಎಲ್ಲೆಡೆ 1, 2, 3 ಆಗಿರಲಿ. ಒಂದು ದಿನ ಕನ್ನಡ ಅಂಕಿ, ಮರುದಿನ ಇದು ಎಂದಾದರೆ ಫೋನು ಎರಡನ್ನೂ ಒಂದೇ ಎಂದು ತಿಳಿಯುವ ಭರವಸೆಯಿಲ್ಲ.

ಇನ್ನು ಪದಗಳ ವಿಚಾರ. ಈ ಪದ್ಧತಿಯ ಜೀವ ಇಲ್ಲೇ ಇದೆ.

ಫೈಲಿನ ಮೊದಲ ಸಾಲಿನಲ್ಲಿ ನಿಮ್ಮ ಹದಿನೈದು, ಇಪ್ಪತ್ತು ಖಾಯಂ ಪದಗಳನ್ನು ಬರೆದಿಡಿ. ಮನೆಯವರ ಹೆಸರು, ಪದೇಪದೇ ಬರುವ ಕೆಲಸ, ಪದೇಪದೇ ಬರುವ ನೋವು. ಆಡುವಾಗ ಯಾವ ಭಾಷೆಯಲ್ಲಿ ಬೇಕಾದರೂ ಹೇಳಿಕೊಳ್ಳಿ, ಬರೆಯುವಾಗ ಪಟ್ಟಿಯಲ್ಲಿರುವ ರೂಪವನ್ನೇ ಬರೆಯಿರಿ. ಅಡಿಕೆಯ ಕಾಯಿ ಉದುರಿಸುವ ಕೊಳೆರೋಗವನ್ನು ಮಲಯಾಳದಲ್ಲಿ ಮಹಾಳಿ ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿ. ಇನ್ನು ನಮ್ಮ ಕಡೆ ‘ಮದ್ದು’ ಎಂದರೆ ಅಜ್ಜಿಯ ಬಿಪಿ ಮಾತ್ರೆಯೂ ಹೌದು, ತೋಟಕ್ಕೆ ಬಿಡುವ ಬೋರ್ಡೋ ದ್ರಾವಣವೂ ಹೌದು. ‘ಮದ್ದು’ ಎಂದು ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ತೋಟದ್ದನ್ನು ‘ತೋಟಮದ್ದು’ ಎಂದು ಸೇರಿಸಿ, ಅಜ್ಜಿಯದನ್ನು ‘ಮಾತ್ರೆ’ ಎಂದು ಬರೆದರೆ ಆ ಗೊಂದಲ ಅಲ್ಲಿಗೇ ಮುಗಿಯಿತು. ಮನುಷ್ಯರನ್ನು ಒಂದಕ್ಷರದಲ್ಲಿ ಗುರುತಿಸುವ ಗುಟ್ಟಿನ ಪದ್ಧತಿಯೂ ಬೇಡ. ‘ಅ’ ಎಂದು ಹುಡುಕಿದರೆ ಇಡೀ ವರ್ಷವೇ ಎದ್ದು ಬರುತ್ತದೆ.

ಕನ್ನಡದಲ್ಲಿ ಪದದ ಬಾಲ ಬದಲಾಗುತ್ತದೆ. ‘ಮಳೆ’ ಎಂದು ಹುಡುಕಿದರೆ ‘ಮಳೆಗೆ’, ‘ಮಳೆಯಿಂದ’ ಎಲ್ಲ ಸಿಗುತ್ತವೆ, ಏಕೆಂದರೆ ಬುಡ ಹಾಗೇ ಇದೆ. ಆದರೆ ‘ಊರು’ ಎಂದು ಹುಡುಕಿದರೆ ‘ಊರಿಗೆ’ ಸಿಗದು. ಕೊನೆಯ ಸ್ವರ ಬಿಟ್ಟು ‘ಊರ’ ಎಂದಷ್ಟೇ ಟೈಪ್ ಮಾಡಿದರೆ ಎರಡೂ ಸಿಗುತ್ತವೆ, ಏಕೆಂದರೆ ಕಡತದ ಒಳಗೆ ಸ್ವರಚಿಹ್ನೆ ಬೇರೆಯೇ ಅಕ್ಷರವಾಗಿ ಕುಳಿತಿರುತ್ತದೆ. ಈ ಉಪಾಯಕ್ಕೂ ಮಿತಿ ಇದೆ: ‘ಸಾಲು’ ಹುಡುಕಲು ‘ಸಾಲ’ ಎಂದು ಹಾಕಿದರೆ ಬೇಂಕಿನ ಸಾಲವೂ ಜೊತೆಗೆ ಬರುತ್ತದೆ. ಕ್ರಿಯಾಪದಗಳನ್ನಂತೂ ನಂಬಲೇಬೇಡಿ. ‘ಬರು’ ಎಂಬುದು ‘ಬಂದರು’ ಆದಾಗ ಬುಡವೇ ಬದಲಾಗಿರುತ್ತದೆ. ಹುಡುಕುವುದು ನಾಮಪದದಿಂದ.

ಬೇಂಕು ಎಂದಾಗ ನೆನಪಾಯಿತು. ಕರಾವಳಿಯವರು ಕೈಯಲ್ಲಿ ಬರೆಯುವುದು ‘ಬೇಂಕ್’, ಧ್ವನಿ ಟೈಪಿಂಗ್ ಬರೆದುಕೊಡುವುದು ಬಹುತೇಕ ‘ಬ್ಯಾಂಕ್’. ಧ್ವನಿಯಲ್ಲಿ ಹೇಳುವುದು ವೇಗ, ಆದರೆ ತುಳು ಅಥವಾ ಮಲಯಾಳದ ಪದ ನಡುವೆ ಬಂದರೆ ಅದು ತನಗೆ ತೋಚಿದ ಕನ್ನಡ ಪದ ಹಾಕುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಲಿಮಣೆಯಲ್ಲಿ ಬೇರೆ ಕಾಟ: ಅವಸರದಲ್ಲಿ ‘ಮಳೆ’ ಬದಲು ‘ಮಲೆ’, ‘ಸುಣ್ಣ’ ಬದಲು ‘ಸುನ್ನ’ ಆಯ್ಕೆಯಾಗಿಬಿಡುತ್ತದೆ. ಓದುವಾಗ ಕಣ್ಣು ಇಂಥ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಹುಡುಕಾಟ ತಿದ್ದಿಕೊಳ್ಳುವುದಿಲ್ಲ. ಹೀಗಾಗಿ ಬರೆದಾದ ಮೇಲೆ ಖಾಯಂ ಪದಗಳನ್ನು ಮಾತ್ರ ಒಮ್ಮೆ ನೋಡಿ. ಉಳಿದದ್ದು ತಪ್ಪಿದ್ದರೂ ನಡೆಯುತ್ತದೆ.

ಇದು ಏನು ಕೊಡುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡಿ. ಬದಿಯಡ್ಕದ ಕಡೆ ಒಂದು ಅಡಿಕೆ ತೋಟ. ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೊದಲ ಸಲ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು ಅದಾಗಿ 40-45 ದಿನಕ್ಕೆ. ಮೇ 27ಕ್ಕೆ ಮೊದಲನೆಯದು ಆಯಿತು ಎಂದಿಟ್ಟುಕೊಳ್ಳಿ, ಎರಡನೆಯದು ಜುಲೈ 11ರೊಳಗೆ ಆಗಬೇಕಿತ್ತು, ಆದದ್ದು ಜುಲೈ 29ಕ್ಕೆ. ಕಾಯಿ ಉದುರಿತು. ‘ಮಳೆ ಬಿಡಲೇ ಇಲ್ಲ’ ಎಂಬುದೇ ಮನೆಯವರೆಲ್ಲರ ನೆನಪು. ಕಡತದಲ್ಲಿ ಇರುವುದು ಹೀಗೆ:

```
2024-07-09 ಮನಸ್ಸು: ತಮ್ಮನ ಮಾತು, ಲೆಕ್ಕ ಕೇಳಿದ್ದು. ಬಾಕಿ: ತೋಟಮದ್ದು, ತಡೆದದ್ದು ಜನ. ನಾಳೆ: ಪೆರ್ಲಕ್ಕೆ ಫೋನ್.
2024-07-12 ಮನಸ್ಸು: ಅಮ್ಮನ ಕೆಮ್ಮು. ಬಾಕಿ: ತೋಟಮದ್ದು, ತಡೆದದ್ದು ಮಳೆ. ನಾಳೆ: ಸುಣ್ಣ ತರುವುದು.
2024-07-13 ಮನಸ್ಸು: ಬಿಸಿಲು, ಒಳ್ಳೆ ದಿನ. ಬಾಕಿ: ತೋಟಮದ್ದು, ತಡೆದದ್ದು ಜನ. ನಾಳೆ: ಪೆರ್ಲಕ್ಕೆ ಫೋನ್.
```

ಮುಂದಿನ ಮೇ ತಿಂಗಳಲ್ಲಿ, ಲಿನಕ್ಸ್ ಅಥವಾ ಮ್ಯಾಕ್ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, ಸಾಲುಗಳನ್ನು ಹುಡುಕಿಕೊಡುವ `grep` ಎಂಬ ಆಜ್ಞೆಯಿಂದ ಹುಡುಕುವುದು ಹೀಗೆ. ಫೋನಿನಲ್ಲಾದರೆ ಫೈಲು ತೆರೆದು ‘ತೋಟಮದ್ದು’ ಎಂದು ಹುಡುಕಿದರೂ ಸಾಕು:

```
grep -h "ಬಾಕಿ: ತೋಟಮದ್ದು" 2024-*.txt
```

ಹನ್ನೊಂದು ಸಾಲು ಬಂತು, ಅದರಲ್ಲಿ ತಡೆದದ್ದು ‘ಮಳೆ’ ಮೂರು ಸಲ, ‘ಸುಣ್ಣ’ ಒಂದು ಸಲ, ‘ಜನ’ ಏಳು ಸಲ ಎಂದುಕೊಳ್ಳಿ. ಬಿಸಿಲು ಬಂದ ದಿನವೂ ಮದ್ದು ಬಿಡುವವರು ಸಿಕ್ಕಿರಲಿಲ್ಲ, ಜನರಿಗಾಗಿ ಮಾಡಬೇಕಿದ್ದ ‘ಪೆರ್ಲಕ್ಕೆ ಫೋನ್’ ಎಂಬುದು ಎರಡು ಸಲ ‘ನಾಳೆ’ಯಲ್ಲೇ ಉಳಿದಿತ್ತು. ಈ ಸಲ ಮಾಡಬೇಕಾದದ್ದು ಆಕಾಶ ನೋಡುವುದಲ್ಲ, ಮೊದಲ ಸಲದ ದಿನವೇ ಎರಡನೆಯದಕ್ಕೂ ಜನ ಹೇಳಿಟ್ಟುಕೊಳ್ಳುವುದು. ಜೊತೆಗೆ ಇನ್ನೊಂದು ಕಾಣುತ್ತದೆ: ಲೆಕ್ಕದ ವಿಷಯದಲ್ಲಿ ತಮ್ಮನ ಮಾತು ಮನಸ್ಸಿನಲ್ಲಿ ಕುಳಿತಿದ್ದ ದಿನ ಫೋನ್ ಮಾಡುವುದು ಮುಂದಕ್ಕೆ ಹೋಗಿದೆ. ಒಂದು ದಿನದಿಂದ ಅದು ನಿಜ ಎನ್ನಲಾಗದು. ‘ತಮ್ಮ’ ಎಂದು ಇಡೀ ವರ್ಷ ಹುಡುಕಿ ನೋಡಬಹುದು.

ಎರಡು ರೂಪದಲ್ಲಿ ಬರೆದುಬಿಟ್ಟಿದ್ದರೆ ಹಳೆಯದನ್ನು ತಿದ್ದುತ್ತ ಕೂರಬೇಕಿಲ್ಲ, ಎರಡನ್ನೂ ಒಟ್ಟಿಗೆ ಕೇಳಬಹುದು:

```
grep -hE "ಬೇಂಕ|ಬ್ಯಾಂಕ" *.txt
```

ತಪ್ಪಿಹೋದ ದಿನವನ್ನು ಮರುದಿನ ನೆನಪಿನಿಂದ ತುಂಬಿಸುವ ಆಸೆ ಬರುತ್ತದೆ. ಬಿಟ್ಟುಬಿಡುವುದೇ ಒಳ್ಳೆಯದು. ತುಂಬಿಸಲೇಬೇಕೆಂದರೆ ದಿನಾಂಕದ ನಂತರ ‘ನೆನಪು’ ಎಂದು ಸೇರಿಸಿ. ‘ಮಳೆ ಬಿಡಲೇ ಇಲ್ಲ’ ಎಂಬಂಥ ನೆನಪನ್ನು ಪರೀಕ್ಷಿಸಲು ಇಟ್ಟ ಕಡತಕ್ಕೆ ಅದೇ ನೆನಪನ್ನು ಸಾಕ್ಷಿಯಾಗಿ ಸೇರಿಸಿದರೆ ಏನು ಬಂತು?

ಹದಿನಾಲ್ಕು ದಿನ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಈ ಎರಡು ವಾರದಲ್ಲಿ ನಡೆದ ಮೂರು ಸಂಗತಿ ನೆನೆದು, ಹುಡುಕಿ ಸಿಗುತ್ತದೋ ನೋಡಿ. ಸಿಗದಿದ್ದರೆ ಎರಡೇ ಕಾರಣ: ಪದ ಪಟ್ಟಿಯಲ್ಲಿ ಇರಲಿಲ್ಲ, ಅಥವಾ ಉತ್ತರದಲ್ಲಿ ಹೆಸರೇ ಇರಲಿಲ್ಲ. ಮೊದಲನೆಯದಾದರೆ ಪಟ್ಟಿಗೆ ಸೇರಿಸಿ. ಎರಡನೆಯದಾದರೆ ಆ ಪ್ರಶ್ನೆಯನ್ನೇ ಬದಲಿಸಿ. ಆಮೇಲೆ ಮಾತ್ರ ಒಂದು ವರ್ಷ ಗುರುತುಪದ ಮುಟ್ಟಬೇಡಿ.

ಕಂಪ್ಯೂಟರಿಗೆ ಸಾಗಿಸುವವರಿಗೆ ಒಂದು ಎಚ್ಚರಿಕೆ. ಫೈಲನ್ನು `UTF-8` ಆಗಿ ಉಳಿಸಬೇಕು. ವಿಂಡೋಸ್ 10ರ 1903 ಆವೃತ್ತಿಯಿಂದ ನೋಟ್‌ಪ್ಯಾಡ್ ಹೊಸ ಫೈಲನ್ನು ಹಾಗೆಯೇ ಉಳಿಸುತ್ತದೆ. ಅದಕ್ಕಿಂತ ಹಳೆಯದರಲ್ಲಿ `ANSI` ಎಂದೇ ಬಿಟ್ಟು, ಎಚ್ಚರಿಕೆಯ ಸಂದೇಶಕ್ಕೂ ಸರಿ ಎಂದುಬಿಟ್ಟರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಟಿಪ್ಪಣಿಗಳಿದ್ದರೆ ಅವು ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳೇ. ಯುನಿಕೋಡ್‌ಗೆ ಪರಿವರ್ತಿಸದೆ ಇದೇ ಕಡತಕ್ಕೆ ಅಂಟಿಸಬೇಡಿ.