ತಾರಸಿ ತೋಟಕ್ಕೆ ಹನಿ ನೀರಾವರಿ: ಜೋಡಣೆ ಮತ್ತು ಪೈಪು ಕಟ್ಟುವ ಕೆಲಸ

ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಪ್ಯಾರಾಪೆಟ್ ಗೋಡೆಯ ಉದ್ದಕ್ಕೂ ಕುಂಡಗಳನ್ನು ಸಾಲಾಗಿ ಇಟ್ಟಿದ್ದೇನೆ. ಅವುಗಳಿಗೆ ಓವರ್‌ಹೆಡ್ ಟ್ಯಾಂಕಿನಿಂದಲೇ ನೀರು ಹರಿಸಲು ಹತ್ತು ಮೀಟರ್ ಉದ್ದದ 16 ಮಿ.ಮೀ. ಕಪ್ಪು ಪೈಪನ್ನು ಎಳೆದು, ಅದರಿಂದ ಪ್ರತಿ ಕುಂಡಕ್ಕೂ 4 ಮಿ.ಮೀ. ಸಣ್ಣ ಟ್ಯೂಬನ್ನು ಕವಲೊಡೆಸಿದೆ.

ಇಲ್ಲಿ ಪೈಪನ್ನು ಕವಲೊಡೆಸಲು ಬಳಸುವ ಟೀ, ಮೂಲೆಯಲ್ಲಿ ತಿರುಗಿಸಲು ಬಳಸುವ ಎಲ್ಬೋಗಳ ತುದಿಯಲ್ಲಿ ಗರಗಸದಂತಹ ಏಣುಗಳಿರುತ್ತವೆ. ಪೈಪು ಹಿಗ್ಗಿ ಅವುಗಳ ಮೇಲೆ ಕೂತು, ಮತ್ತೆ ಕುಗ್ಗುವ ಬಿಗಿತದಿಂದಲೇ ಜೋಡಣೆ ನಿಲ್ಲುತ್ತದೆ. ಆದ್ದರಿಂದ ಪೈಪಿನ ತುದಿಯನ್ನು ಓರೆಯಾಗದಂತೆ ನೇರವಾಗಿ ಕತ್ತರಿಸಿ, ಎರಡು ಸೆಂಟಿಮೀಟರ್‌ನಷ್ಟು ಭಾಗವನ್ನು ಬಿಸಿ ನೀರಿನಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಏಣುಗಳೆಲ್ಲ ಒಳಗೆ ಮುಚ್ಚಿಹೋಗುವವರೆಗೆ ನೂಕಿದೆ. ಲೈಟರಿನ ಜ್ವಾಲೆ ಹಿಡಿದರೆ ಕೆಲಸ ಬೇಗ ಆಗುತ್ತದೆ, ಆದರೆ ಪೈಪಿನ ಗೋಡೆ ಒಂದೆಡೆ ಕರಗಿ ತೆಳುವಾಗಿ ಅಲ್ಲಿಯೇ ಸೋರತೊಡಗುತ್ತದೆ. ಎಣ್ಣೆ ಸವರಿದರೆ ಸುಲಭವಾಗಿ ಒಳಹೋದದ್ದು ಅಷ್ಟೇ ಸುಲಭವಾಗಿ ಹೊರಗೂ ಬರುತ್ತದೆ. ಒಮ್ಮೆ ಕಿತ್ತ ತುದಿಯ ಬಿಗಿತ ಸಡಿಲವಾಗಿರುವುದರಿಂದ, ಆ ಭಾಗವನ್ನು ಕತ್ತರಿಸಿ ಹಾಕಿಯೇ ಮತ್ತೆ ಜೋಡಿಸಬೇಕು. ಸಣ್ಣ ಟ್ಯೂಬಿನ ಕನೆಕ್ಟರಿಗೆ ಪಂಚ್ ಉಪಕರಣವನ್ನು ಪೈಪಿಗೆ ಲಂಬವಾಗಿ ಹಿಡಿದು ರಂಧ್ರ ಮಾಡಬೇಕು. ಮೊಳೆಯಿಂದ ಚುಚ್ಚಿದ ರಂಧ್ರದ ಅಂಚು ಹರಿದಿರುವುದರಿಂದ ಕನೆಕ್ಟರನ್ನು ಅದು ಬಿಗಿಯಾಗಿ ಹಿಡಿಯುವುದಿಲ್ಲ.

ತಾರಸಿಯಲ್ಲಿ ಜೋಡಣೆ ಕಳಚುವುದಕ್ಕೆ ನೀರಿನ ಒತ್ತಡವನ್ನು ದೂರುವವರೇ ಹೆಚ್ಚು. ನಮ್ಮ ಟ್ಯಾಂಕು ಕುಂಡಗಳಿಗಿಂತ ಮೂರು ಮೀಟರ್ ಎತ್ತರದಲ್ಲಿದೆ, ಅಂದರೆ ಒತ್ತಡ ಸುಮಾರು 0.3 ಬಾರ್ ಮಾತ್ರ. ಇಷ್ಟಕ್ಕೆ ಸರಿಯಾಗಿ ಕೂತ ಜೋಡಣೆ ಬಿಡುವುದಿಲ್ಲ. ನಿಜವಾದ ಎಳೆತ ಬಿಸಿಲಿನದು. ರಾತ್ರಿಯ ತಂಪಿಗೂ ಮಧ್ಯಾಹ್ನದ ಕಾವಿಗೂ ಪೈಪಿನಲ್ಲಿ 25 ಡಿಗ್ರಿ ವ್ಯತ್ಯಾಸವಾದರೆ, ಹತ್ತು ಮೀಟರ್ ಪೈಪು ನಾಲ್ಕೈದು ಸೆಂಟಿಮೀಟರ್ ಹಿಗ್ಗುತ್ತದೆ, ಸಂಜೆಗೆ ಅಷ್ಟೇ ಕುಗ್ಗುತ್ತದೆ. ಬಿಸಿಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಪೈಪು ಕುಗ್ಗುವಾಗ ಎಲ್ಬೋವನ್ನೇ ಎಳೆಯುತ್ತದೆ.

ಅದಕ್ಕಾಗಿ ಪೈಪನ್ನು ಸ್ವಲ್ಪ ಡೊಂಕಾಗಿ ಬಿಟ್ಟು, ಒಳಗೆ ಸರಿದಾಡುವಷ್ಟು ಸಡಿಲವಾದ ಕ್ಲಾಂಪುಗಳನ್ನು ಮುಕ್ಕಾಲು ಮೀಟರಿಗೊಂದರಂತೆ ಪ್ಯಾರಾಪೆಟ್ಟಿನ ಒಳಮೈಗೆ ಹಾಕಿದೆ. ನೆಲದಲ್ಲಿ ಎಲ್ಲಿಯೂ ಡ್ರಿಲ್ ಮಾಡಲಿಲ್ಲ. ವಾಟರ್‌ಪ್ರೂಫಿಂಗ್ ಪದರಕ್ಕೆ ತೂತು ಬಿದ್ದರೆ ಕೆಳಗಿನ ಕೋಣೆಯ ಛಾವಣಿ ಸೋರುತ್ತದೆ. ಮೂಲೆಯಲ್ಲಿ ಎಲ್ಬೋದ ಎರಡೂ ಕಡೆ ಗೇಣುದ್ದ ಬಿಟ್ಟು ಕ್ಲಾಂಪು ಹಾಕಿದರೆ ಅದಕ್ಕೆ ಅಲ್ಲಾಡಲು ಜಾಗವಿರುತ್ತದೆ.

ಕೊನೆಯ ಎಂಡ್ ಕ್ಯಾಪ್ ಹಾಕುವ ಮೊದಲು ನೀರು ಬಿಟ್ಟು, ಪಂಚ್ ಮಾಡುವಾಗ ಒಳಗೆ ಬಿದ್ದ ಚೂರುಗಳನ್ನು ಹೊರಹಾಕಬೇಕು, ಇಲ್ಲವಾದರೆ ಅವು ಕುಂಡಕ್ಕೆ ಹನಿ ಬಿಡುವ ಡ್ರಿಪ್ಪರುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸೋರಿಕೆಯನ್ನು ಪರೀಕ್ಷಿಸಲು ಮಧ್ಯಾಹ್ನವೇ ಸೂಕ್ತ: ಆಗ ಪೈಪು ಅತ್ಯಂತ ಮೆತ್ತಗಿರುವುದರಿಂದ, ಬೆಳಿಗ್ಗೆ ಒಣಗಿದಂತೆ ಕಂಡ ಅರೆಬರೆ ಜೋಡಣೆಯೂ ಆ ಹೊತ್ತಿಗೆ ಒಸರುತ್ತದೆ.