ಕಾಫಿ ಬಿಟ್ಟು ಟೀ ಹಿಡಿಯುವ ಮುನ್ನ ಪ್ಯಾಕೆಟ್ ಮೇಲೆ ಗೀಟು ಹಾಕಿ

ಕಾಫಿ ಬಿಟ್ಟು ಟೀಗೆ ಬಂದವರು ವಾರ ತುಂಬುವುದರೊಳಗೆ ಮತ್ತೆ ಕಾಫಿಗೆ ಮರಳುವುದನ್ನು ಬಹಳ ಸಲ ನೋಡಿದ್ದೇನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ದಿನಕ್ಕೆ ಮೂರು ಕಾಫಿ ಕುಡಿಯುತ್ತಿದ್ದರು. ಹೊಟ್ಟೆ ಉರಿ ಅಂತ ಒಂದು ಸೋಮವಾರ ಕಾಫಿ ಪೂರ್ತಿ ನಿಲ್ಲಿಸಿ, ಎರಡು ಟೀಗೆ ಇಳಿದರು. ಮಂಗಳವಾರ ಸಂಜೆಗೆ ತಲೆ ಸಿಡಿಯತೊಡಗಿತು. ‘ನನಗೆ ಟೀ ಆಗಿಬರಲ್ಲ’ ಅಂದರು. ತಪ್ಪು ಟೀಯದಲ್ಲ, ಲೆಕ್ಕದ್ದು. ಆ ಲೆಕ್ಕ ಮನೆಯಲ್ಲೇ ಮಾಡಬಹುದು.

ಹಂತ 1: ಗೀಟು ಹಾಕಿ

ಹೊಸ ಪ್ಯಾಕೆಟ್ ಒಡೆದ ದಿನದಿಂದ ಪ್ರತಿ ಲೋಟಕ್ಕೂ ಅದರ ಮೇಲೆ ಪೆನ್ನಿನಿಂದ ಒಂದು ಗೀಟು. ಮುಗಿದ ಮೇಲೆ ಎಣಿಸಿ. ಅಷ್ಟೇ.

ಹಂತ 2: ಲೋಟದಲ್ಲಿ ಕೆಫೀನ್ ಎಷ್ಟು ಅಂತ ನೋಡಿ

ಎಲ್ಲರೂ ಎಡವುವುದು ಇಲ್ಲಿ. ‘ಕಾಫಿಗಿಂತ ಟೀಯಲ್ಲೇ ಕೆಫೀನ್ ಜಾಸ್ತಿ’ ಅಂತ ಕೆಲವರು ಹೇಳುತ್ತಾರೆ. ಒಣ ಸೊಪ್ಪನ್ನೂ ಬೀಜವನ್ನೂ ತೂಕಕ್ಕೆ ತೂಕ ಹೋಲಿಸಿದರೆ ಅದು ಸರಿಯೇ. ಟೀ ಸೊಪ್ಪಿನಲ್ಲಿ ಸುಮಾರು ಶೇ 3ರಷ್ಟು ಕೆಫೀನ್ ಇರುತ್ತದೆ, ಅರೇಬಿಕಾ ಕಾಫಿಯಲ್ಲಿ ಸುಮಾರು ಶೇ 1.2, ರೊಬಸ್ಟಾದಲ್ಲಿ ಶೇ 2ರ ಮೇಲೆ. ಆದರೆ ಒಂದು ಲೋಟಕ್ಕೆ ಎರಡನ್ನೂ ಒಂದೇ ತೂಕದಲ್ಲಿ ಯಾರೂ ಹಾಕುವುದಿಲ್ಲ ಅಲ್ವಾ? ಅದಕ್ಕೇ ಗೀಟು ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 250 ಗ್ರಾಂ ಟೀ ಪ್ಯಾಕೆಟ್ ಮೇಲೆ 104 ಗೀಟು ಬಿದ್ದವು ಅಂದುಕೊಳ್ಳಿ. ಲೋಟಕ್ಕೆ 2.4 ಗ್ರಾಂ ಆಯಿತು. ಅದರ ಶೇ 3 ಅಂದರೆ 72 ಮಿಲಿಗ್ರಾಂ. ಮೂರು-ನಾಲ್ಕು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಇಳಿಯುತ್ತದೆ, ಸುಮಾರು 50 ಅಂತ ಹಿಡಿಯಿರಿ. ಒಲೆಯ ಮೇಲೆ ಬಹಳ ಹೊತ್ತು ಕುದಿಸುವವರು 70ರ ಹತ್ತಿರ ಹಿಡಿಯಬೇಕು. ಅದೇ 250 ಗ್ರಾಂ ಕಾಫಿಪುಡಿ 25 ಲೋಟಕ್ಕೆ ಮುಗಿಯಿತು ಅಂದರೆ ಲೋಟಕ್ಕೆ 10 ಗ್ರಾಂ. ಅರೇಬಿಕಾ ಆದರೆ ಪುಡಿಯಲ್ಲಿ 120 ಮಿಲಿಗ್ರಾಂ ಇದ್ದು, ಬಹುಪಾಲು ಇಳಿದು ಲೋಟಕ್ಕೆ ಸುಮಾರು 100 ಬರುತ್ತದೆ. ರೊಬಸ್ಟಾ ಆದರೆ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಪ್ಯಾಕೆಟ್ ಮೇಲೆ ಬರೆದ ಚಿಕೋರಿಯ ಪಾಲನ್ನು ತೂಕದಿಂದ ಕಳೆದು ಲೆಕ್ಕ ಹಾಕಿ. ಆ ಪಾಲು ಎಷ್ಟು ಅಂತ ಬರೆಯದ ಪುಡಿಯನ್ನು ನಾನಂತೂ ಕೊಳ್ಳುವುದಿಲ್ಲ. ಏನು ಕುಡಿಯುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಒಂದು ಅಡ್ಡದಾರಿ ಬಹಳ ಓಡಾಡುತ್ತಿದೆ: ಟೀ ಸೊಪ್ಪನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಆ ನೀರು ಚೆಲ್ಲಿದರೆ ಕೆಫೀನ್ ಹೋಗಿಬಿಡುತ್ತದೆ ಅಂತ. ಹೋಗುವುದಿಲ್ಲ. ಕೆಫೀನ್ ಬಿಡಲು ಹಲವು ನಿಮಿಷ ಬೇಕು. ಅರ್ಧ ನಿಮಿಷಕ್ಕೆ ಹೋಗುವುದು ಘಮ.

ಈಗ ಸಹೋದ್ಯೋಗಿಯ ತಲೆನೋವು ನೋಡಿ. ಮೂರು ಕಾಫಿ, 300 ಮಿಲಿಗ್ರಾಂ. ಎರಡು ಟೀ, 100. ಒಂದೇ ದಿನದಲ್ಲಿ 200 ಕಡಿತ! ಕೆಫೀನ್ ಹಠಾತ್ತಾಗಿ ಕಡಿಮೆಯಾದರೆ ತಲೆನೋವು 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನಕ್ಕೆ ಜೋರಾಗಿ, ಕೆಲವರಿಗೆ ವಾರದವರೆಗೂ ಇರುತ್ತದೆ. ಅವರಿಗೆ ಆದದ್ದು ಅದೇ.

ಹಂತ 3: ಒಂದೊಂದೇ ಲೋಟ ಬದಲಿಸಿ

ಮೊದಲು ಸಂಜೆಯ ಕಾಫಿಯನ್ನು ಟೀ ಮಾಡಿ. ಬೆಳಗಿನದನ್ನು ಮುಟ್ಟಬೇಡಿ. ಮೇಲಿನ ಲೆಕ್ಕದಲ್ಲಿ 300 ಇದ್ದದ್ದು 250 ಆಗುತ್ತದೆ, ದೇಹಕ್ಕೆ ಅಷ್ಟು ತಿಳಿಯುವುದಿಲ್ಲ. ನಾಲ್ಕು ದಿನ ಬಿಟ್ಟು ಮಧ್ಯಾಹ್ನದ್ದು, ಇನ್ನೂ ನಾಲ್ಕು ದಿನ ಬಿಟ್ಟು ಬೆಳಗಿನದು. ಸಂಜೆಯದೇ ಮೊದಲು ಯಾಕೆ ಅಂದರೆ, ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಐದು ಗಂಟೆಗೆ 100 ಮಿಲಿಗ್ರಾಂ ಕುಡಿದವರ ಮೈಯಲ್ಲಿ ರಾತ್ರಿ ಹತ್ತಕ್ಕೂ 50 ಉಳಿದಿರುತ್ತದೆ. ಗರ್ಭಿಣಿಯರಲ್ಲಿ ಇದು ಇನ್ನೂ ನಿಧಾನ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿತು. ಗರ್ಭಿಣಿಯರಿಗೆ ಆ ಮಿತಿ 200.

ಈ ದಿನಗಳಲ್ಲಿ ತಲೆನೋವು ಬಂದರೆ ಮಾತ್ರೆ ನುಂಗುವ ಮೊದಲು ಪಟ್ಟಿಯ ಹಿಂಭಾಗ ಓದಿ. ಕೆಲವು ತಲೆನೋವಿನ ಮಾತ್ರೆಗಳಲ್ಲೇ ಕೆಫೀನ್ ಇರುತ್ತದೆ. ನೋವು ಹೋಗುತ್ತದೆ, ಕಡಿಮೆ ಮಾಡಿದ್ದೆಲ್ಲ ಸುಮ್ನೆ ವಾಪಸ್ ಬರುತ್ತದೆ.

ಹಂತ 4: ಹೊಟ್ಟೆಯನ್ನು ಬೇರೆಯಾಗಿ ಪರೀಕ್ಷಿಸಿ

ಹೊಟ್ಟೆ ಉರಿಗೆ ಕೆಫೀನ್ ಒಂದೇ ಕಾರಣ ಅಂದುಕೊಂಡರೆ ದಾರಿ ತಪ್ಪುತ್ತದೆ. ಕಾಫಿ ಹೊಟ್ಟೆಯ ಆಮ್ಲವನ್ನು ಹೆಚ್ಚಿಸುತ್ತದೆ, ಕೆಫೀನ್ ತೆಗೆದ ಕಾಫಿಯೂ ಹೆಚ್ಚಿಸುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೊದಲ ವಾರ ಅದೇ ಕಾಫಿ, ಅಷ್ಟೇ ಕಾಫಿ, ಆದರೆ ಏನಾದರೂ ತಿಂದ ಮೇಲೆ. ಉರಿ ಹೋದರೆ ಕಾಫಿ ಬಿಡುವ ಅಗತ್ಯವೇ ಇಲ್ಲ, ಖಾಲಿ ಹೊಟ್ಟೆಯ ಮೊದಲ ಲೋಟ ಬಿಟ್ಟರೆ ಸಾಕು. ಹೋಗದಿದ್ದರೆ ಎರಡನೇ ವಾರ ಟೀ. ಈ ವಾರ ಮೂರನೇ ಹಂತದ ಹಾಗೆ ಇಳಿಯಲು ಆಗುವುದಿಲ್ಲ, ಕಾಫಿ ಪೂರ್ತಿ ನಿಲ್ಲಬೇಕು. ಅದಕ್ಕೆ ಮೂರು ಕಾಫಿಯ ಜಾಗದಲ್ಲಿ ಐದಾರು ಟೀ ಕುಡಿದು ಕೆಫೀನನ್ನು 300ರ ಆಸುಪಾಸಿನಲ್ಲೇ ಇಡಿ. ಆಗಲೂ ಉರಿ ಇದ್ದರೆ ಲೋಟ ಬದಲಿಸಿ ಪ್ರಯೋಜನವಿಲ್ಲ, ವೈದ್ಯರ ಹತ್ತಿರ ಹೋಗಿ.

ಟೀಯ ತೊಂದರೆ ಬೇರೆ ಥರದ್ದು. ಅದರ ಒಗರು ಟ್ಯಾನಿನ್‌ನದು. ಖಾಲಿ ಹೊಟ್ಟೆಗೆ ಗಟ್ಟಿ ಟೀ ಕುಡಿದರೆ ಕೆಲವರಿಗೆ ಹೊಟ್ಟೆ ತೊಳಸುವುದು ಇದರಿಂದ. ಟೀ ಬ್ಯಾಗನ್ನು ಲೋಟದಲ್ಲೇ ಬಿಟ್ಟು ಕೊನೆಗೆ ಚಮಚದಿಂದ ಹಿಂಡುತ್ತಾರಲ್ಲ, ಆ ಹಿಂಡಿದ ಕಪ್ಪು ಹನಿಗಳಲ್ಲಿ ಒಗರು ದಂಡಿಯಾಗಿರುತ್ತದೆ. ನಾಲ್ಕು ನಿಮಿಷಕ್ಕೆ ಎತ್ತಿಬಿಡಿ, ಹಿಂಡಲೇಬೇಡಿ. ಊಟದ ಜೊತೆ ಕುಡಿದರೆ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನೂ ಟೀ ತಡೆಯುತ್ತದೆ. ರಕ್ತಹೀನತೆ ಇರುವವರು ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇಡಲೇಬೇಕು. ಈ ವಿಷಯದಲ್ಲಿ ಕಾಫಿಯೂ ಸಾಚಾ ಅಲ್ಲ, ಆದರೆ ಟೀಯ ತಡೆ ಹೆಚ್ಚು.

ಹಂತ 5: ಖರ್ಚು

ಪ್ಯಾಕೆಟ್ ಬೆಲೆಯನ್ನು ಗೀಟುಗಳಿಂದ ಭಾಗಿಸಿ, ಹಾಲು-ಸಕ್ಕರೆ ಸೇರಿಸಿ. ಕಿಲೋ ಬೆಲೆ ನೋಡಿ ಮೋಸಹೋಗಬೇಡಿ. ಮೇಲಿನ ಉದಾಹರಣೆಯಲ್ಲಿ ಒಂದು ಕಿಲೋ ಟೀ ಸೊಪ್ಪು 416 ಲೋಟಕ್ಕೆ ಬರುತ್ತದೆ, ಒಂದು ಕಿಲೋ ಕಾಫಿಪುಡಿ 100ಕ್ಕೆ ಮುಗಿಯುತ್ತದೆ. ಅಂದರೆ ಟೀ ಸೊಪ್ಪು ಕಿಲೋಗೆ ನಾಲ್ಕು ಪಟ್ಟು ದುಬಾರಿಯಾದರೂ ಲೋಟದ ಲೆಕ್ಕದಲ್ಲಿ ಎರಡೂ ಸರಿಸಮ. ಇನ್‌ಸ್ಟಂಟ್ ಕಾಫಿಗೂ ಇದೇ ಮಾತು: ಲೋಟಕ್ಕೆ ಎರಡು ಗ್ರಾಂ ಸಾಕಾಗುವುದರಿಂದ ಕಿಲೋ ಬೆಲೆ ನೋಡಿ ಹೆದರುವುದು ಬೇಡ. ಟೀ ಬ್ಯಾಗ್ ಮಾತ್ರ ಬೇಡವೇ ಬೇಡ. ಸಾಮಾನ್ಯವಾಗಿ ಒಂದರಲ್ಲಿ ಎರಡು ಗ್ರಾಂ ಪುಡಿ, ದುಡ್ಡು ಕೊಡುವುದು ಚೀಲಕ್ಕೆ, ದಾರಕ್ಕೆ, ಡಬ್ಬಿಗೆ.

ಹಾಲು ಹಾಕಿ ಕುಡಿಯುವವರು ಇನ್ನೊಂದನ್ನು ನೋಡಬೇಕು. ಮೂರು ಕಾಫಿಯ ಜಾಗದಲ್ಲಿ ಆರು ಟೀ ಬಂದರೆ ಹಾಲೂ ಸಕ್ಕರೆಯೂ ಎರಡರಷ್ಟಾಗುತ್ತವೆ, ಸೊಪ್ಪಿನಲ್ಲಿ ಉಳಿಸಿದ್ದು ಅಲ್ಲಿ ಸೋರುತ್ತದೆ. ಹೊಟ್ಟೆಯ ಪರೀಕ್ಷೆಗೆ ಹೆಚ್ಚಿಸಿದ ಟೀಯನ್ನು ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನಕ್ಕೊಂದರಂತೆ ಇಳಿಸುತ್ತಾ ಬನ್ನಿ. ನನ್ನ ಸಹೋದ್ಯೋಗಿ ಎರಡನೇ ಸಲ ಹೀಗೆಯೇ ಇಳಿಸಿದರು. ಈಗ ದಿನಕ್ಕೆ ಮೂರು ಟೀ, ತಲೆನೋವಿಲ್ಲ.